ಕಾಪು ಬೀಚಿನ ಫೋಟೋಗೆ ಒಂದು ಕ್ಯಾಪ್ಷನ್

ಅಕ್ಕ: ಫೋಟೋ ಕಳಿಸಿದ್ದೇನೆ, ನೋಡು. ನಿನ್ನೆ ಸಂಜೆ ಕಾಪು ಬೀಚಲ್ಲಿ ತೆಗೆದದ್ದು. ಅಮ್ಮ ನೀರಲ್ಲಿ ನಿಂತಿದ್ದಾರೆ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಸೀರೆ ನೆರಿಗೆ. ಹಿಂದೆ ಬಂಡೆ ಮೇಲೆ ಲೈಟ್‌ಹೌಸ್. ಬಲಗಡೆ ತುದಿಯಲ್ಲಿ ಅಪ್ಪ, ಮುಖ ಪೂರ್ತಿ ಚರುಮುರಿ ಪೊಟ್ಟಣದೊಳಗೆ. ಇನ್‌ಸ್ಟಾಗ್ರಾಮಿಗೆ ಹಾಕಬೇಕು. ಸ್ವಲ್ಪ ತರಲೆಯಾಗಿ ಒಂದು ಕ್ಯಾಪ್ಷನ್ ಬರೆದು ಕೊಡು ಮಾರಾಯ್ತಿ. ನನಗೆ "ಬೀಚ್ ವೈಬ್ಸ್" ಬಿಟ್ಟು ಬೇರೆ ಎಂತದೂ ಹೊಳೆಯುವುದಿಲ್ಲ.

ತಂಗಿ: ತಗೋ.

> "ನಾನು ನೀರಿಗೆ ಇಳಿಯುವುದಿಲ್ಲ, ಸುಮ್ನೆ ನೋಡಿ ಬರುತ್ತೇನೆ" ಎಂದವರು ಇವರೇ. ಐದೇ ನಿಮಿಷದ ನಂತರದ ಚಿತ್ರ. ಬಲಗಡೆ ಇರುವವರಿಗೆ ಇಲ್ಲೊಂದು ಸಮುದ್ರ ಇದೆ ಎಂದು ಇನ್ನೂ ಗೊತ್ತಾಗಿಲ್ಲ. ಚರುಮುರಿ ಮುಗಿದ ಮೇಲೆ ತಿಳಿಸಲಾಗುವುದು.

ಅಕ್ಕ: ಅಯ್ಯೋ, ನಕ್ಕು ನಕ್ಕು ಸಾಕಾಯಿತು! ಆದರೆ ಅಪ್ಪನ ಆಫೀಸಿನವರೆಲ್ಲ ನನ್ನ ಪೋಸ್ಟ್ ನೋಡುತ್ತಾರೆ. ಅವರನ್ನು ಬಿಟ್ಟುಬಿಡು, ಬಲಗಡೆ ಕ್ರಾಪ್ ಮಾಡುತ್ತೇನೆ. ತರಲೆಯೂ ಸ್ವಲ್ಪ ಕಮ್ಮಿ ಇರಲಿ.

ತಂಗಿ: ಅಪ್ಪ ಹೋದರೆ ಅರ್ಧ ಮಜಾ ಹೋಯಿತು. ಇರಲಿ.

> ಕಾಪು ಲೈಟ್‌ಹೌಸ್ 1901ರಿಂದ ಒಂದಿಂಚೂ ಅಲುಗಾಡದೆ ನಿಂತಿದೆ. ಅಮ್ಮನ ಹಟವೂ ಹಾಗೇ ಅಂದುಕೊಂಡಿದ್ದೆವು. ಒಂದು ಅಲೆ ಬಂದು ಕಾಲು ಮುಟ್ಟಿತು, ಚಪ್ಪಲಿ ಕೈಗೆ ಬಂತು.

ಅಕ್ಕ: ಇದು ಒಳ್ಳೆದುಂಟು. 1901 ಖಂಡಿತ ತಾನೇ?

ತಂಗಿ: ಖಂಡಿತ. ಬ್ರಿಟಿಷರ ಕಾಲದ್ದು.

ಅಕ್ಕ: ಸರಿ. ಆದರೆ ಈಗ ಅಮ್ಮನ ಮುಖ ಝೂಮ್ ಮಾಡಿ ನೋಡಿದೆ. ನೀನೂ ನೋಡು. ಕ್ಯಾಮೆರಾ ನೋಡುತ್ತಿಲ್ಲ, ನಗುತ್ತಲೂ ಇಲ್ಲ. ಕಾಲ ಹತ್ತಿರ ನೀರು ಹಿಂದೆ ಹೋಗುವುದನ್ನೇ ನೋಡುತ್ತಿದ್ದಾರೆ. ಈ ಮುಖಕ್ಕೆ ತಮಾಷೆ ಹೊಂದುವುದಿಲ್ಲ. ಸ್ವಲ್ಪ ಭಾವನೆ ಬರಲಿ.

ತಂಗಿ:

> ನಾವು ಚಿಕ್ಕವರಿದ್ದಾಗ ಅಮ್ಮ ಇದೇ ಬೀಚಿಗೆ ಕರೆದುಕೊಂಡು ಬರುತ್ತಿದ್ದರು. ನಾವು ನೀರಲ್ಲಿ, ಅವರು ದಡದಲ್ಲಿ. ಅಮ್ಮಾ, ನಿನ್ನ ಪ್ರೀತಿ ಈ ಸಾಗರಕ್ಕಿಂತಲೂ ಆಳ. ನಿನ್ನ ತ್ಯಾಗಕ್ಕೆ ಕೋಟಿ ನಮನ.

ಅಕ್ಕ: ಮೊದಲ ಎರಡು ಸಾಲಿಗೆ ಗಂಟಲು ಕಟ್ಟಿತು. ಆಮೇಲೆ ಅಮ್ಮನನ್ನು ಸ್ಟೇಜಿಗೆ ಕರೆದು ಶಾಲು ಹೊದೆಸಿದ ಹಾಗಾಯಿತು. ಕೋಟಿ ನಮನ ತೆಗೆ. ಸಾಗರವನ್ನೂ ತೆಗೆ, ಫೋಟೋದಲ್ಲೇ ಇದೆಯಲ್ಲ. ಚಪ್ಪಲಿ ಯಾಕೆ ಬಿಟ್ಟೆ? ಗೊತ್ತಾ, ನಿನ್ನೆ "ಕೊಡಿ, ನಾನು ಹಿಡಿದುಕೊಳ್ಳುತ್ತೇನೆ" ಅಂದೆ. ಕೊಡಲೇ ಇಲ್ಲ.

ತಂಗಿ: ಇದನ್ನು ಮೊದಲೇ ಹೇಳಬಾರದಾ!

> ನಾವು ಚಿಕ್ಕವರಿದ್ದಾಗ ಇದೇ ಬೀಚಿನಲ್ಲಿ ಅಮ್ಮ ನಮ್ಮ ಚಪ್ಪಲಿ ಕಾಯುತ್ತಾ ದಡದಲ್ಲಿ ಕೂರುತ್ತಿದ್ದರು. "ಮುಂದೆ ಹೋಗಬೇಡಿ" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ನಿನ್ನೆ ನೀರಿಗೆ ಇಳಿದದ್ದು ಅವರು. ಚಪ್ಪಲಿ ಕೊಡಿ ಅಂದರೆ ಕೊಡಲಿಲ್ಲ. "ಮುಂದೆ ಹೋಗಬೇಡಿ ಅಮ್ಮಾ" ಎಂದು ದಡದಿಂದ ಕೂಗಿದ್ದು ನಾನು.

ಅಕ್ಕ: ಓದಿ, ಎದ್ದು ಹೋಗಿ ಮುಖ ತೊಳೆದು ಬಂದೆ. ಇದನ್ನು ಮನೆಯವರ ಗ್ರೂಪಿಗೆ ಹಾಕುತ್ತೇನೆ. ಹೊರಗೆ ಹಾಕಲು ಮನಸ್ಸಿಲ್ಲ. ಚಿಕ್ಕಮ್ಮ ಕೂಡಲೇ ಫೋನ್ ಮಾಡಿ "ಎಂತ ಆಯ್ತು, ಅಮ್ಮ ಹುಷಾರಿದ್ದಾರಾ" ಅಂತ ಕೇಳುತ್ತಾರೆ. ಇನ್‌ಸ್ಟಾಕ್ಕೆ ಬೇರೆ ಥರ ಬೇಕು. ಕನಸಿನ ಹಾಗೆ. ಯಾರು, ಎಂತ ಅಂತ ಹೇಳುವುದೇ ಬೇಡ.

ತಂಗಿ: ಕನಸು ಅಂದ ಕೂಡಲೇ ಜನ ಹೊಂಬಣ್ಣ, ಅನಂತ, ಮೌನ ಅಂತ ಶುರು ಮಾಡುತ್ತಾರೆ. ಅದೆಲ್ಲ ನನ್ನಿಂದ ಬರುವುದಿಲ್ಲ, ಈಗಲೇ ಹೇಳಿದೆ. ಕತ್ತಲಾದ ಮೇಲೆ ಅಲ್ಲಿ ಏನು ಕಾಣುತ್ತಿತ್ತು?

ಅಕ್ಕ: ಲೈಟ್‌ಹೌಸ್ ದೀಪ ಹತ್ತಿತು. ದೂರದಲ್ಲಿ ಮೀನಿನ ಬೋಟುಗಳ ಲೈಟ್, ಸಾಲಾಗಿ. ಮಲ್ಪೆಯ ಬೋಟುಗಳು ಇರಬೇಕು ಅಂದರು ಅಪ್ಪ.

ತಂಗಿ: ಸಾಕು.

> ಬೆಳಕು ಇಳಿಯುವ ಹೊತ್ತಿಗೆ ನೀರು ಯಾವುದು, ಒದ್ದೆ ಮರಳು ಯಾವುದು ಗೊತ್ತಾಗುವುದಿಲ್ಲ. ದೂರದಲ್ಲಿ ಬೋಟುಗಳ ದೀಪ ಹತ್ತಿ ಅಲ್ಲೊಂದು ಊರು ಏಳುತ್ತದೆ. ಆ ಊರಿಗೆ ಬಸ್ಸಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇ ಹೋಗಬೇಕು.

ಅಕ್ಕ: ಆಹಾ! ಬಸ್ಸು ಮಾತ್ರ ಬೇಡ. ನಿನ್ನ ತರಲೆ ಅಲ್ಲಿ ಇಣುಕುತ್ತಿದೆ. ಉದ್ದವೂ ಜಾಸ್ತಿ, ಇನ್‌ಸ್ಟಾದಲ್ಲಿ ಮೇಲಿನ ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ.

ತಂಗಿ: ಬಸ್ಸು ನನಗೆ ಇಷ್ಟ ಇತ್ತು. ಹೋಗಲಿ.

> ಕತ್ತಲಾಗುತ್ತಿದ್ದ ಹಾಗೆ ಬೋಟುಗಳ ದೀಪ ಸೇರಿ ನೀರಿನ ಮೇಲೊಂದು ಊರಾಯಿತು. ಅವಳು ಚಪ್ಪಲಿ ಕೈಗೆ ತೆಗೆದುಕೊಂಡು ಹೊರಟಳು.

ಅಕ್ಕ: ಇದೇ. ಇನ್ನು ಒಂದಕ್ಷರ ಮುಟ್ಟುವುದಿಲ್ಲ. ಲೊಕೇಶನ್ ಕಾಪು ಬೀಚ್ ಅಂತ ಹಾಕುತ್ತೇನೆ. ಹ್ಯಾಶ್‌ಟ್ಯಾಗ್ ಬೇಕಾ?

ತಂಗಿ: ಒಂದೂ ಬೇಡ. ಬೇಗ ಪೋಸ್ಟ್ ಮಾಡು, ನನಗೆ ಹತ್ತು ಗಂಟೆಗೆ ಮೀಟಿಂಗ್ ಉಂಟು.