ಗಣಿತದ ಅಂಕಗಳ ಬಗ್ಗೆ

ಎಂಟನೇ ತರಗತಿ ‘ಬಿ’ ವಿಭಾಗದ ಕ್ಲಾಸ್ ಟೀಚರ್ ಅವರಿಗೆ,

ಮೇಡಂ, ನಮಸ್ಕಾರ.

ನಾನು ಸಿಂಚನಾಳ ಅಮ್ಮ. ನೀವು ನಿನ್ನೆ ಕಳಿಸಿದ ಅಂಕಪಟ್ಟಿಯ ಫೋಟೋ ನೋಡಿದೆ. ಬೇರೆ ವಿಷಯಗಳ ಬಗ್ಗೆ ತಕರಾರಿಲ್ಲ, ಕನ್ನಡದಲ್ಲಂತೂ ಚೆನ್ನಾಗಿಯೇ ತೆಗೆದಿದ್ದಾಳೆ. ಗಣಿತದ್ದೇ ಚಿಂತೆ. ಮೊದಲ ಟೆಸ್ಟಿನಲ್ಲಿ 50ಕ್ಕೆ 43, ಎರಡನೆಯದರಲ್ಲಿ 35. ಮೂರನೆಯದರ ಅಂಕದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು 23ಓ 28ಓ ಗೊತ್ತಾಗುತ್ತಿಲ್ಲ. ಮಗಳನ್ನು ಕೇಳಿದರೆ 28 ಅನ್ನುತ್ತಾಳೆ. ಹಾಗನ್ನದೆ ಇನ್ನೇನು ಅಂದಾಳು! ದಯವಿಟ್ಟು ಸರಿಯಾದ ಅಂಕ ತಿಳಿಸಿ. ಯಾವುದೇ ಆದರೂ ಇಳಿದಿರುವುದಂತೂ ನಿಜ.

ರಾತ್ರಿ ಅವಳ ನೋಟ್‌ಬುಕ್ ತೆಗೆದು ಕೂತೆ. ಕೂಡುವುದು, ಗುಣಿಸುವುದರಲ್ಲಿ ತೊಂದರೆ ಇಲ್ಲ. ಬ್ರಾಕೆಟ್ ಮುಂಚೆ ಮೈನಸ್ ಬಂದರೆ ಎಡವುತ್ತಾಳೆ. 7 − (x − 3) ಬಿಡಿಸುವಾಗ 7 − x − 3 ಅಂತ ಬರೆದಿದ್ದಾಳೆ. ಕೊನೆಯದು +3 ಆಗಬೇಕಿತ್ತು ಅಲ್ವಾ? ಸಮೀಕರಣದ ಲೆಕ್ಕಗಳಲ್ಲೆಲ್ಲ ಇದೇ ಕಥೆ. ಪರೀಕ್ಷೆಯಲ್ಲೂ ಹೀಗೇ ಆಗಿದೆಯಾ ಅಂತ ನೋಡಬೇಕಿತ್ತು. ಗಣಿತದ ಸರ್ ಹತ್ತಿರ ಕೇಳಿ, ಉತ್ತರ ಪತ್ರಿಕೆಯನ್ನು ಒಂದು ದಿನದ ಮಟ್ಟಿಗೆ ಮನೆಗೆ ಕಳಿಸಲು ಆಗುತ್ತಾ? ಅಂಕ ಜಾಸ್ತಿ ಹಾಕಿ ಅಂತ ಕೇಳುತ್ತಿಲ್ಲ.

ಇನ್ನೊಂದು ಮಾತು. ಹಿಂದಿನ ಬೆಂಚಿಗೆ ಹೋದ ಮೇಲೆ ಬೋರ್ಡ್ ಮಸುಕಾಗಿ ಕಾಣುತ್ತೆ ಅನ್ನುತ್ತಿದ್ದಾಳೆ. ಶನಿವಾರ ಕಣ್ಣಿನ ಡಾಕ್ಟರಿಗೆ ತೋರಿಸುತ್ತೇವೆ. ಅಲ್ಲಿಯವರೆಗೆ ಮುಂದೆ ಕೂರಿಸಿದರೆ ಉಪಕಾರ. ಸುಮ್ನೆ ಟ್ಯೂಷನ್‌ಗೆ ಸೇರಿಸುವ ಮನಸ್ಸು ನಮಗಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಬಂದು ನಿಮ್ಮನ್ನು ನೋಡಲೇ? ಅವಳನ್ನು ಎಲ್ಲರೆದುರು ಈ ಬಗ್ಗೆ ಕೇಳಬೇಡಿ ಮೇಡಂ, ಮೊದಲೇ ಮುದುಡಿಕೊಂಡಿದ್ದಾಳೆ.

ಇಂತಿ,
ಸಿಂಚನಾಳ ಅಮ್ಮ