ಮೊದಲ ತಿಂಗಳು, ಒಂದೂವರೆ ಸೌಟು

ಜುಲೈ 1, ಸೋಮವಾರ
ತೂಕ 86.4 ಕಿಲೋ. ಮನೆಯಿಂದ ಕೆಲಸ ಶುರುವಾದ ಮೇಲೆ ಏರಿದ್ದೇ 11 ಕಿಲೋ. ಬದಿಯಡ್ಕ ಪೇಟೆಯ ಜಿಮ್‌ಗೆ ಸೇರಿದೆ. ಬೋರ್ಡು ಮಲಯಾಳದಲ್ಲಿ, ಕೋಚ್ ಬೈಯುವುದು ತುಳುವಿನಲ್ಲಿ, ಎಣಿಸುವುದು ಇಂಗ್ಲಿಷಿನಲ್ಲಿ. ಸ್ಕ್ವಾಟ್‌ಗೆ ಖಾಲಿ ರಾಡ್ ಕೊಟ್ಟರು, 20 ಕಿಲೋ. ಇಷ್ಟೇನಾ ಅನ್ನಿಸಿತು. ಎಂಟನೇ ಸಲಕ್ಕೆ ಕಾಲು ನಡುಗಿತು.

ಜುಲೈ 3
ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ನಿನ್ನೆಗಿಂತ ಇವತ್ತೇ ಜಾಸ್ತಿ. ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್. ಕುರ್ಚಿಯಿಂದ ಏಳುವಾಗಿನ ಮುಖ ಟೀಮಿನವರು ನೋಡುವುದು ಬೇಡ.

ಜುಲೈ 6, ಶನಿವಾರ
ರಾಡ್‌ಗಿಂತ ಕಷ್ಟದ್ದು ಬಟ್ಟಲು. ಕುಚ್ಚಿಲಕ್ಕಿ ಅನ್ನ ಮೂರು ಸೌಟಿನಿಂದ ಒಂದೂವರೆಗೆ ಇಳಿಸಿದೆ. ಅಮ್ಮ ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಎಂತ, ಹುಷಾರಿಲ್ವಾ ನಿಂಗೆ?"
ಕೋಚ್ ಹೇಳಿದ್ದು ಕಿಲೋಗೆ ಒಂದೂವರೆ ಗ್ರಾಂ ಪ್ರೊಟೀನ್. ಅಂದರೆ ದಿನಕ್ಕೆ ಸುಮಾರು 130. ಒಂದು ಮೊಟ್ಟೆಗೆ 6 ಗ್ರಾಂ, ಆದರೆ ನಮ್ಮ ಅಡುಗೆಮನೆಗೆ ಮೊಟ್ಟೆ ಬರುವಂತಿಲ್ಲ. ಹೆಸರುಕಾಳು, ಕಡಲೆ, ಮೊಸರು, ಪನೀರ್ ಎಲ್ಲ ಎಕ್ಸೆಲ್‌ನಲ್ಲಿ ಹಾಕಿ ಕೂಡಿಸಿದೆ. 80 ದಾಟಲಿಲ್ಲ. ಫಾರ್ಮುಲಾ ತಪ್ಪಿರಬಹುದು ಅಂತ ಎರಡು ಸಲ ನೋಡಿದೆ. ಸರಿಯೇ ಇತ್ತು.

ಜುಲೈ 11
ಡೆಡ್‌ಲಿಫ್ಟ್ 40 ಕಿಲೋ. ಬೆನ್ನು ಬಾಗಿತು ಅಂತ ಕೋಚ್ ಪ್ಲೇಟ್ ಕಳಚಿಬಿಟ್ಟರು. ಪಕ್ಕದಲ್ಲಿ ಪ್ಲಸ್‌ ಟು ಹುಡುಗ 80 ಎತ್ತುತ್ತಿದ್ದ. ಅವನ ಕಡೆ ನೋಡಲಿಲ್ಲ.

ಜುಲೈ 17
ಆಟಿ ತಿಂಗಳು ಬಂತು. ಎಡೆಬಿಡದ ಮಳೆ, ಹಿತ್ತಿಲಲ್ಲಿ ಕೆಸುವಿನೆಲೆ, ಒಳಗೆ ಪತ್ರೊಡೆ. ಅಮ್ಮ ಹೋಳು ಮಾಡಿ ತೆಂಗಿನೆಣ್ಣೆಯಲ್ಲಿ ಕಾಯಿಸುತ್ತಿದ್ದರು. ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿ. ಎರಡೇ ಅಂದುಕೊಂಡು ಕೂತೆ, ಏಳು ತಿಂದೆ. ಎಕ್ಸೆಲ್‌ನಲ್ಲಿ ಆ ಸಾಲು ಖಾಲಿ ಇದೆ. ಪತ್ರೊಡೆಗೆ ಎಷ್ಟು ಕ್ಯಾಲೊರಿ ಅಂತ ಹುಡುಕಲು ಮನಸ್ಸು ಬರಲಿಲ್ಲ.

ಜುಲೈ 23
ಕೆಲಸದಲ್ಲಿ ರಿಲೀಸ್ ವಾರ. ಮೂರು ದಿನ ಜಿಮ್ ಇಲ್ಲ. ರಾತ್ರಿ ಎರಡಕ್ಕೆ ಕರೆಂಟ್ ಹೋಯಿತು, ಬಿಸ್ಕತ್ ಪ್ಯಾಕೆಟ್ ಕತ್ತಲಲ್ಲೂ ಕೈಗೆ ಸಿಕ್ಕಿತು.

ಜುಲೈ 31, ಬುಧವಾರ
ತೂಕ 84.9. ಒಂದೂವರೆ ಕಿಲೋ. ಎರಡು ಲೀಟರ್ ನೀರು ಕುಡಿದರೆ ವಾಪಸ್ ಬರುವಷ್ಟು. ಸ್ಕ್ವಾಟ್ ಮಾತ್ರ 45ಕ್ಕೆ ಬಂದಿದೆ, ಐದೈದರಂತೆ ಮೂರು ಸಲ. ಹಳೇ ಜೀನ್ಸ್ ಸೊಂಟಕ್ಕೆ ಸರಿಯಾಯಿತು, ತೊಡೆಗೆ ಬಿಗಿ.
ಸಂಜೆ 25 ಕಿಲೋ ಅಕ್ಕಿ ಮೂಟೆ ಆಟೋದಿಂದ ಇಳಿಸಿದೆ. ಮೊದಲಾದರೆ ಅಪ್ಪನನ್ನು ಕರೆಯುತ್ತಿದ್ದೆ. ಈ ಸಲ ಮೊಣಕಾಲು ಮಡಚಿ, ಬೆನ್ನು ನೇರ ಇಟ್ಟು, ಒಂದೇ ಸಲಕ್ಕೆ ಹೆಗಲಿಗೇರಿಸಿ ಅಡುಗೆಮನೆವರೆಗೆ ಒಯ್ದೆ. ಅಮ್ಮ ನೋಡುತ್ತಿದ್ದರು.
"ಅಕ್ಕಿ ಎತ್ಲಿಕ್ಕೆ ಆಗ್ತದೆ. ತಿನ್ಲಿಕ್ಕೆ ಮಾತ್ರ ಆಗುದಿಲ್ಲ ಅಲ್ವಾ?"
ರಾತ್ರಿ ಇನ್ನರ್ಧ ಸೌಟು ಹಾಕಿಸಿಕೊಂಡೆ.