ಬೆಟಗೇರಿ ಬಟ್ಟೆ ಅಂಗಡಿಯ ಪ್ರಚಾರ ಪಂಚಾಂಗ: ಯುಗಾದಿ 2026ರಿಂದ ಯುಗಾದಿ 2027

ಸೀರೆ, ಖಣ, ಮಕ್ಕಳ ರೆಡಿಮೇಡ್, ಶಾಲಾ ಸಮವಸ್ತ್ರ ಇಷ್ಟು ಮಾಲಿರುವ ನಮ್ಮ ಅಂಗಡಿಗೆ ಈ ವರ್ಷದ ಯೋಜನೆ ಇದು. ಗಲ್ಲಾದಲ್ಲಿ ಕೂರುವವರೂ ಮಾಲು ತರುವವರೂ ಇದೊಂದನ್ನೇ ನೋಡಿ ನಡೆಯಬೇಕು. ವರ್ಷದ ವಹಿವಾಟು ₹40 ಲಕ್ಷ ಎಂದು ಹಿಡಿದು, ಅದರ ಶೇ 2, ಅಂದರೆ ₹80,000 ಪ್ರಚಾರಕ್ಕೆ ಇಟ್ಟಿದೆ.

ಪ್ರತಿ ತಿಂಗಳಿಗೂ ಎರಡು ಪ್ರಶ್ನೆ. ಜನರಿಗೆ ಬಟ್ಟೆ ಬೇಕಾಗುವುದು ಯಾವಾಗ? ಕೈಯಲ್ಲಿ ದುಡ್ಡು ಇರುವುದು ಯಾವಾಗ? ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ ಸುತ್ತಲ ಹಳ್ಳಿಯ ಒಕ್ಕಲು ಮನೆತನದವರು. ಹಬ್ಬ ಬಂದರೂ ಮಾಲು ಎಪಿಎಂಸಿಗೆ ಹೋಗಿರದಿದ್ದರೆ ಅವರು ನೋಡಿಕೊಂಡು ಹೋಗುತ್ತಾರೆ, ಒಯ್ಯುವುದಿಲ್ಲ. ಎರಡೂ ಕೂಡುವ ವಾರಗಳಿಗೆ ಹೆಚ್ಚು ಖರ್ಚು, ಬರೀ ಹಬ್ಬವಿರುವ ವಾರಗಳಿಗೆ ಕಡಿಮೆ.

ಈ ವರ್ಷದ ಲೆಕ್ಕ ತಪ್ಪಿಸುವ ಸಂಗತಿ ಅಧಿಕ ಜ್ಯೇಷ್ಠ: ಮೇ 17ರಿಂದ ಜೂನ್ 15. ಆ ತಿಂಗಳು ಮದುವೆ ಇರುವುದಿಲ್ಲ, ಮುಂದಿನ ಹಬ್ಬಗಳೆಲ್ಲ ಕಳೆದ ವರ್ಷಕ್ಕಿಂತ ಸುಮಾರು ಹತ್ತೊಂಬತ್ತು ದಿನ ತಡ. ಹಳೆಯ ದಿನಾಂಕ ನೋಡಿ ಮಾಲು ತರಿಸಿದರೆ ಪಂಚಮಿ ಸೀರೆ ಮೂರು ವಾರ ರ‍್ಯಾಕಿನಲ್ಲೇ ಕೂರುತ್ತದೆ, ವ್ಯಾಪಾರಿಯ ಬಾಕಿ ಮಾತ್ರ ಅದೇ ತಾರೀಖಿಗೆ ಬರುತ್ತದೆ.

ಮಾರ್ಚ್–ಏಪ್ರಿಲ್ (₹10,000). ಯುಗಾದಿ ಮಾರ್ಚ್ 19ಕ್ಕೆ, ರಂಜಾನ್ ಹಬ್ಬ ಅದರ ಬೆನ್ನಿಗೇ. ಎರಡಕ್ಕೂ ಒಂದೇ ಪ್ರಚಾರ ಸಾಕು, ಆದರೆ ವಾಟ್ಸ್ಆ್ಯಪ್ ಪಟ್ಟಿ ಬೇರೆ ಬೇರೆ. ರಂಜಾನ್ ಗಿರಾಕಿ ಕಡೆಯ ಹತ್ತು ದಿನ ಇಫ್ತಾರ್ ಆದಮೇಲೆ ಬರುತ್ತಾರೆ, ಆದ್ದರಿಂದ ಮಾರ್ಚ್ 10ರಿಂದ ಅಂಗಡಿ ರಾತ್ರಿ 10:30ರ ತನಕ ತೆರೆದಿರಲಿ. ಕಡಲೆ, ಜೋಳದ ದುಡ್ಡು ಬರುವುದೂ ಇದೇ ಹೊತ್ತಿಗೆ, ಹಾಗಾಗಿ ರಿಯಾಯಿತಿ ಬೇಡ. ದವನದ ಹುಣ್ಣಿಮೆ ಸುಮಾರಿಗೆ ತೋಂಟದಾರ್ಯ ಜಾತ್ರೆ. ಜಾತ್ರೆಗೆ ಬಂದವರು ದೊಡ್ಡ ಖರೀದಿ ಮಾಡುವುದಿಲ್ಲ. ₹200–400ರ ಮಕ್ಕಳ ಬಟ್ಟೆ, ಖಣದ ಪೀಸು ಮುಂದೆ ಇಡಿ.

ಮದುವೆ (ಎರಡೂ ಸರತಿಗೆ ₹18,000). ಮೊದಲ ಸರತಿ ಬಸವ ಜಯಂತಿಯಿಂದ ಮೇ 16ರ ತನಕ. ನಡುವೆ ಜೂನ್ 16ರಿಂದ ಜುಲೈ 14ರೊಳಗೆ ಕೆಲವು ಮುಹೂರ್ತ. ಎರಡನೆಯ ಸರತಿ ತುಳಸಿ ಲಗ್ನ ಮುಗಿದ ನವೆಂಬರ್ 21ರ ನಂತರ, ಡಿಸೆಂಬರ್ ಮಧ್ಯದ ಧನುರ್ಮಾಸದ ತನಕ. ಜವಳಿ ತೆಗೆಯುವುದು ಮದುವೆಗೆ ಮೂರು-ನಾಲ್ಕು ವಾರ ಮುಂಚೆ, ಆದ್ದರಿಂದ ಪ್ರಚಾರ ಮಾರ್ಚ್ ಕಡೆಗೆ ಶುರುವಾಗಲೇಬೇಕು. ಮೇ ತಿಂಗಳಲ್ಲಿ ಹಂಚಿದ ಹ್ಯಾಂಡ್‌ಬಿಲ್ ವ್ಯರ್ಥ.

ಧಾರೆ ಸೀರೆಗೆ ಗದಗಿನವರು ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ದೊಡ್ಡ ಅಂಗಡಿಗಳ ಜೊತೆ ನಾವು ಪೈಪೋಟಿ ಮಾಡಬೇಕಿಲ್ಲ. ನಮಗೆ ಸಿಗುವುದು ಆಯೇರಿ ಸೀರೆಗಳು: ಒಂದೇ ಮನೆಗೆ 25ರಿಂದ 40. ₹350, ₹500, ₹750 ಮೂರೇ ದರದ ಗಂಟು ಮಾಡಿ ಇಡಿ. 25ಕ್ಕಿಂತ ಹೆಚ್ಚು ಒಯ್ದರೆ ಫಾಲ್-ಪಿಕೋ ನಮ್ಮದು, ಉಳಿದ ಸೀರೆ ಮಡಿಕೆ ಬಿಚ್ಚದೆ 15 ದಿನದಲ್ಲಿ ತಂದರೆ ಬದಲಿ. ಈ ಬದಲಿಯ ಮಾತೇ ಗಿರಾಕಿಯನ್ನು ಊರಲ್ಲಿ ನಿಲ್ಲಿಸುತ್ತದೆ. ಹ್ಯಾಂಡ್‌ಬಿಲ್ಲಿನಲ್ಲಿ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿ. ಲಗ್ನಪತ್ರಿಕೆ ಮುದ್ರಿಸುವ ಮೂರು ಪ್ರೆಸ್ಸುಗಳಲ್ಲಿ ತಲಾ 200 ಕಾರ್ಡು ಇಡಬೇಕು.

ಶಾಲೆ (₹8,000). ಮೇ ಕಡೆಯ ವಾರ ಶಾಲೆ ಶುರು. ಮದುವೆ ನಿಂತ ಅಧಿಕ ಮಾಸವೇ ಇದು, ಗಲ್ಲಾ ತುಂಬಿಸುವ ಕೆಲಸ ಸಮವಸ್ತ್ರದ್ದು. ಯಾವ ಶಾಲೆ ಬಣ್ಣ ಬದಲಿಸಿದೆ ಎಂದು ಏಪ್ರಿಲ್ 15ರೊಳಗೆ ಆಯಾ ಶಾಲೆಯ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಬಾಯಿಮಾತು ನಂಬಿ ತರಿಸಿದ ಚೌಕಳಿ ಬಟ್ಟೆಯನ್ನು ಬೇರೆ ಯಾರೂ ಕೊಳ್ಳುವುದಿಲ್ಲ. ನಡುವಿನ ಸೈಜು (26ರಿಂದ 32) ಮೊದಲು ಖಾಲಿಯಾಗುತ್ತವೆ. ಎಲ್ಲ ಸೈಜನ್ನೂ ಸಮ ತರಿಸದೆ, ಅವನ್ನು ದುಪ್ಪಟ್ಟು ತರಿಸಿ. ಮೇ 10ರಿಂದ 20ರೊಳಗೆ ಒಯ್ಯುವವರಿಗೆ ಎರಡು ಜೊತೆಗೆ ಒಂದು ಜೊತೆ ಕಾಲುಚೀಲ ಉಚಿತ. ಜೂನ್‌ನಲ್ಲಿ ಏನೂ ಕೊಡುವುದು ಬೇಡ, ಆಗ ಹೇಗೂ ಬರುತ್ತಾರೆ.

ಅಧಿಕ ಮಾಸದಲ್ಲಿ ಮಗಳು-ಅಳಿಯನನ್ನು ಕರೆದು ಉಡುಗೊರೆ ಕೊಡುವ ಪದ್ಧತಿ ಬಹಳ ಮನೆಗಳಲ್ಲಿದೆ. ಸೀರೆ, ಖಣ, ಶರ್ಟು-ಪ್ಯಾಂಟಿನ ಬಟ್ಟೆ ಸೇರಿಸಿ ₹1,500ರ ಮತ್ತು ₹2,500ರ ಜೋಡಿ ಕಟ್ಟಿಡಿ. ಮೂರು ವರ್ಷಕ್ಕೊಮ್ಮೆ ಸಿಗುವ ಅವಕಾಶ ಇದು.

ಆಷಾಢ (₹6,000). ಜುಲೈ 15ರಿಂದ ಆಗಸ್ಟ್ 5: ಹಳೆ ಮಾಲು ತೆಗೆಯುವ ಮಾರಾಟ. ಆರು ತಿಂಗಳು ಮೀರಿದ ಮಾಲು ಮಾತ್ರ. ₹700ಕ್ಕೆ ಬಿದ್ದ ಸೀರೆಯನ್ನು ₹1,000ಕ್ಕೆ ಮಾರಿದರೆ ₹300 ಉಳಿಯುತ್ತದೆ, ಶೇ 20 ಬಿಟ್ಟರೆ ₹100. ಅಷ್ಟೇ ಲಾಭಕ್ಕೆ ಒಂದರ ಬದಲು ಮೂರು ಮಾರಬೇಕು. ಹೊಸ ಮಾಲಿನ ಮೇಲೆ ಅಂಥ ಬೋರ್ಡು ಹಾಕಬಾರದು. ರೆಡಿಮೇಡ್‌ನಲ್ಲಿ ಪೀಸಿನ ಬೆಲೆ ₹2,500 ಒಳಗಿದ್ದರೆ ಜಿಎಸ್‌ಟಿ ಶೇ 5, ದಾಟಿದರೆ ಶೇ 18. ₹2,799ರ ಲೆಹೆಂಗಾವನ್ನು ₹2,499ಕ್ಕೆ ಇಳಿಸಿದರೆ ತೆರಿಗೆಯೂ ಇಳಿಯುತ್ತದೆ, ಗಿರಾಕಿಗೆ ಲಾಭ ಎದ್ದು ಕಾಣುತ್ತದೆ. ರಿಯಾಯಿತಿ ಬಿಲ್ಲಿನಲ್ಲೇ ಕಾಣಿಸಬೇಕು.

ಪಂಚಮಿ, ಗಣಪತಿ (₹12,000). ನಾಗರಪಂಚಮಿ ಆಗಸ್ಟ್ 17. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಸೀರೆ ಕೊಡದ ಮನೆ ಕಡಿಮೆ. ಜೂನ್ ಮೊದಲಿಗೆ ಬಿತ್ತಿದ ಹೆಸರು ಆಗಸ್ಟ್ ನಡುವೆ ಕೈಗೆ ಬರುತ್ತದೆ, ಹಬ್ಬ ತಡವಾದ್ದರಿಂದ ಈ ಸಲ ಎರಡೂ ಹತ್ತಿರ ಬಂದಿವೆ. ಮುಂಗಾರು ತಡವಾದರೆ ಖರೀದಿ ಅರ್ಧಕ್ಕೆ ಇಳಿಸಿ. ದರ್ಜಿಗಳು ಹಬ್ಬಕ್ಕೆ ಹತ್ತು ದಿನ ಇರುವಾಗಲೇ ಜಂಪರ್ ಹೊಲಿಗೆಗೆ ಒಲ್ಲೆ ಎನ್ನುತ್ತಾರೆ, ಆದ್ದರಿಂದ ಸಂದೇಶ ಜುಲೈ 27ಕ್ಕೇ ಹೋಗಲಿ:

"ಪಂಚಮಿಗೆ ತವರಿನ ಸೀರೆ ಬಂದಾವು. ಇಳಕಲ್, ಕಾಟನ್, ಖಣ: ₹450ರಿಂದ. ಆಗಸ್ಟ್ 5ರೊಳಗೆ ತಗೊಂಡರ ಜಂಪರ್ ಹಬ್ಬಕ್ಕ ಹೊಲಿಸಿ ಕೊಡ್ತೀವಿ. ಫಾಲ್-ಪಿಕೋ ನಮ್ಮದು. ಬೆಟಗೇರಿ ಅಂಗಡಿ."

ಇದಕ್ಕೆ ಇಬ್ಬರು ದರ್ಜಿಗಳ ಜೊತೆ 60 ಜಂಪರ್ ಮೊದಲೇ ಮಾತಾಡಿರಬೇಕು. ಅರವತ್ತು ತುಂಬಿದ ದಿನ ಸಂದೇಶ ನಿಲ್ಲಿಸಿ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಒಂದು ಪಟ್ಟಿಗೆ 256 ಮಂದಿ, ಅದೂ ನಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಬಿಲ್ಲು ಮಾಡುವಾಗ ಒಪ್ಪಿಗೆ ಕೇಳಿ, ಅಲ್ಲೇ ಸೇವ್ ಮಾಡಿಸಿ. ಹಳ್ಳಿಗಳಿಗೆ ಆಟೋ ಕೂಗು ಹೆಚ್ಚು ಕೆಲಸ ಮಾಡುತ್ತದೆ: ಮುಳಗುಂದ, ಲಕ್ಕುಂಡಿ, ಹುಲಕೋಟಿ ಕಡೆಗೆ ಎರಡೆರಡು ದಿನ. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ವಾರ ಮುಂಚೆ ಪಡೆಯಿರಿ.

ಗಣೇಶ ಚತುರ್ಥಿ ಸೆಪ್ಟೆಂಬರ್ 14. ಚಿಲ್ಲರೆ ವ್ಯಾಪಾರ ಕಡಿಮೆ. ಮಂಡಳಿಗಳ ಒಂದೇ ಬಣ್ಣದ ಕುರ್ತಾಗಳಿಗೆ ಮಾತ್ರ ಓಡಾಡಿ, ಅರ್ಧ ಮುಂಗಡವಿಲ್ಲದೆ ಆರ್ಡರ್ ಬೇಡ.

ದಸರಾ–ದೀಪಾವಳಿ (₹20,000). ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10 ಪಿತೃಪಕ್ಷ. ಹೊಸ ಬಟ್ಟೆ ಯಾರೂ ಒಯ್ಯುವುದಿಲ್ಲ, ಒಂದು ರೂಪಾಯಿಯೂ ಪ್ರಚಾರಕ್ಕೆ ಹಾಕಬೇಡಿ. ಆ ಹದಿನಾಲ್ಕು ದಿನ ಮಾಲು ಇಳಿಸಿ ದರದ ಚೀಟಿ ಹಚ್ಚಲು. 11ರಿಂದ ನವರಾತ್ರಿ: ಒಂಬತ್ತು ದಿನದ ಬಣ್ಣದ ಸೀರೆ ₹300–450ರೊಳಗೆ ಇರಬೇಕು. ದಿನಕ್ಕೊಂದು ಉಡುವವರು ದುಬಾರಿ ಸೀರೆ ಕೊಳ್ಳುವುದಿಲ್ಲ. ಗೋವಿನಜೋಳ, ಉಳ್ಳಾಗಡ್ಡಿ ದುಡ್ಡು ಬಂದಮೇಲೆ ನಿಜವಾದ ಖರೀದಿ ದೀಪಾವಳಿಗೆ. ನವೆಂಬರ್ 10 ಬಲಿಪಾಡ್ಯ. ಅಕ್ಟೋಬರ್ 25ರಿಂದ ಪೇಪರ್ ಒಳಗೆ 5,000 ಹ್ಯಾಂಡ್‌ಬಿಲ್, ಅಂಗಡಿ ಮುಂದೆ ಬಟ್ಟೆಯ ಬ್ಯಾನರ್, ₹2,000 ಮೀರಿದ ಬಿಲ್ಲಿಗೆ ಫೆಬ್ರುವರಿಯಲ್ಲಿ ಮುರಿಯುವ ₹100ರ ಕೂಪನ್.

ಜನವರಿಯಿಂದ ಯುಗಾದಿ. ಎಳ್ಳಮಾಸಿ, ಸಂಕ್ರಾಂತಿಗೆ ಬರೀ ಶುಭಾಶಯದ ಸಂದೇಶ. ಕೂಪನ್ ಇರುವವರಿಗೆ ಫೆಬ್ರುವರಿ 1ಕ್ಕೆ ನೆನಪಿಸಿ. ಉಳಿದ ₹6,000 ಮಳೆ, ಬೆಲೆ ಏರುಪೇರಾದಾಗ ಬಳಸುವ ಕಾಯ್ದಿಟ್ಟ ಹಣ.

ಪ್ರತಿ ಪ್ರಚಾರ ಮುಗಿದ ಮೂರನೆಯ ದಿನ ನಾಲ್ಕು ಅಂಕಿ ಬರೆಯಿರಿ: ಬಿಲ್ಲುಗಳ ಸಂಖ್ಯೆ, ಒಟ್ಟು ಮಾರಾಟ, ಪ್ರಚಾರದ ಖರ್ಚು, ಉಳಿದ ಮಾಲಿನ ಪೀಸು. ಕಡೆಯ ಅಂಕಿ ಬಿಟ್ಟರೆ ಉಳಿದ ಮೂರೂ ಚೆಂದ ಕಂಡು ಮೋಸ ಮಾಡುತ್ತವೆ. 2027ರ ಯುಗಾದಿ ಏಪ್ರಿಲ್ 7ಕ್ಕೆ, ಮಾರ್ಚ್ 10ರೊಳಗೆ ಮಾಲು ಎಣಿಸಿ ಆಗಿರಬೇಕು.